ಹೊಳೆ ಇಳಿದ ಮೇಲೆ ಊರವರೆಲ್ಲರ ಪ್ರಾರ್ಥನೆ

(ಬೆನಕನ ಅಮಾವಾಸ್ಯೆ, 30 ಆಗಸ್ಟ್ 2019. ಸಂಜೆ ಶಾಲೆಯ ಬಯಲಿನಲ್ಲಿ ಒಬ್ಬರು ನಿಧಾನವಾಗಿ ಓದಬೇಕು. "ಎಲ್ಲರೂ" ಎಂದಿರುವಲ್ಲಿ ಊರವರು ಒಟ್ಟಿಗೆ ಹೇಳಬೇಕು. ನಿಲ್ಲಲು ಆಗದವರು ಕೂತೇ ಹೇಳಲಿ.)

ದೇವರೇ,

ನಿನ್ನನ್ನು ಬಸವಣ್ಣ ಅನ್ನುವವರು ಇಲ್ಲಿದ್ದಾರೆ. ದ್ಯಾಮವ್ವ, ಹನುಮಪ್ಪ, ಯಲ್ಲಮ್ಮ ಅನ್ನುವವರಿದ್ದಾರೆ. ಅಲ್ಲಾ ಅನ್ನುವವರಿದ್ದಾರೆ. ಯಾರ ಬಾಯಲ್ಲಿ ಯಾವ ಹೆಸರು ಬಂದರೂ ಓಗೊಡು. ಹೊಳೆ ಬಂದ ರಾತ್ರಿ ನಾವು ಎಲ್ಲ ಹೆಸರನ್ನೂ ಕೂಗಿದ್ದೇವೆ.

ಎಲ್ಲರೂ: ನಮ್ಮ ಕೈ ಬಿಡಬೇಡ, ದೇವರೇ.

ಉಳಿದಿದ್ದೇವೆ. ಮೊದಲು ಅದಕ್ಕೆ ಕೈ ಮುಗಿಯುತ್ತೇವೆ.

ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಹೊರಟಿರಲಿಲ್ಲ. ಡಬ್ಬಿಯಲ್ಲಿ ಉಂಡಿ ಹಾಗೇ ಇತ್ತು. ಬೇವಿನ ಮರದ ಜೋಕಾಲಿ ಬಿಚ್ಚಿರಲಿಲ್ಲ. ಮೇಲೆ ಖಾನಾಪುರದ ಕಾಡಿನಲ್ಲಿ ಮಳೆ ಹಿಡಿದಿತ್ತು. ಅತ್ತಲಿಂದ ಮಲಪ್ರಭೆ ಬಂದಳು, ಇತ್ತಲಿಂದ ಬೆಣ್ಣೆಹಳ್ಳ ಬಂತು. ನಡುವೆ ನಾವು.

ಆ ಜೋಕಾಲಿ ಹಗ್ಗವನ್ನೇ ಬಿಚ್ಚಿ ಕಂಬದಿಂದ ಕಂಬಕ್ಕೆ ಕಟ್ಟಿದರು. ಅದನ್ನು ಹಿಡಿದು ಓಣಿ ದಾಟಿದೆವು. ಬಸುರಿಯನ್ನು, ಅಜ್ಜಿಯರನ್ನು, ತೊಟ್ಟಿಲ ಕೂಸನ್ನು ದಾಟಿಸಿದ ಹುಡುಗರು ಇಲ್ಲೇ ಹಿಂದೆ ನಿಂತಿದ್ದಾರೆ. ಹಗ್ಗ ಎಳೆದು ಎಳೆದು ಅವರ ಅಂಗೈ ಸುಲಿದುಹೋಗಿತ್ತು. ಅಂದು ಯಾರೂ ಯಾವ ಓಣಿಯವರು, ಯಾವ ಮನೆಯವರು ಅಂತ ಕೇಳಲಿಲ್ಲ. ಆ ಕೈಗಳನ್ನು ಹರಸು.

ಎಲ್ಲರೂ: ಹರಸು, ದೇವರೇ.

ದನ ಬಿಚ್ಚಿ ಬರುತ್ತೇನೆ ಅಂತ ಹೋಗಿ, ವಾಪಸ್ ಬಾರದ ಹಿರಿಯನನ್ನು ನೆನೆಯುತ್ತೇವೆ. ಅವರು ಬಿಚ್ಚಿದ ಎಮ್ಮೆ ಈಜಿ ಬಂತು. ಅವರು ಬರಲಿಲ್ಲ. ಅವರನ್ನು ನಿನ್ನ ಹತ್ತಿರ ಇಟ್ಟುಕೋ. ಅವರ ಮನೆಯಾಕೆಗೆ ರಾತ್ರಿ ನಿದ್ದೆ ಕೊಡು. ಗೋದಲಿಯಲ್ಲಿ ಕಟ್ಟಿದಲ್ಲೇ ಸತ್ತ ಎತ್ತು, ಆಕಳು, ಕುರಿಗಳನ್ನೂ ನೆನೆಯುತ್ತೇವೆ. ಮಕ್ಕಳ ಹಾಗೆ ಸಾಕಿದ್ದೆವು. ಕಣ್ಣಿ ಬಿಚ್ಚಲು ನಮಗೆ ಹೊತ್ತು ಸಿಗಲಿಲ್ಲ.

(ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರಬೇಕು.)

ದೇವರೇ, ನಿನ್ನ ಮುಂದೆ ಮುಚ್ಚಿಡುವುದೇನಿದೆ? ನಮಗೆ ಸಿಟ್ಟಿದೆ. ಎಷ್ಟು ವರ್ಷ ನಾವು ಇದೇ ನೀರಿಗಾಗಿ ಬೇಡಿದೆವು! ನವಿಲುತೀರ್ಥ ತುಂಬಲಿ ಅಂತ ಹರಕೆ ಹೊತ್ತೆವು. ಮಹದಾಯಿ ನೀರು ಬರಲಿ ಅಂತ 2015ರಿಂದ ನರಗುಂದದಲ್ಲಿ ಧರಣಿ ಕೂತವರಲ್ಲಿ ನಮ್ಮ ರೈತರೂ ಇದ್ದರು. ಬತ್ತಿದ ಹೊಳೆಯ ಮರಳಲ್ಲಿ ಕುಣಿ ತೋಡಿ, ತಂಬಿಗೆಯಿಂದ ನೀರು ಮೊಗೆದು ಕುಡಿದವರು ನಾವು. ನೀರಿಗೆ ಕಾದು ಕೂತವರ ಮನೆಗೇ ನೀರು ಹೀಗೆ ನುಗ್ಗಬೇಕಿತ್ತಾ?

ಇದನ್ನು ಕೇಳಿದ್ದಕ್ಕೆ ನಮ್ಮ ಮೇಲೆ ಮುನಿಯಬೇಡ. ಹೊಳೆಯವ್ವನ ಮೇಲೆ ನಮಗೆ ಹಗೆ ಹುಟ್ಟದಂತೆ ನೋಡಿಕೋ. ಅವಳಿಗೆ ಉಡಿ ತುಂಬಿದ ಕೈಗಳು ಇವು. ನಾಳೆಯೂ ತುಂಬಬೇಕು. ಅವಳ ದಾರಿಯಲ್ಲಿ ಬಳ್ಳಾರಿ ಜಾಲಿ ಬೆಳೆಯಲು ಬಿಟ್ಟೆವು, ದಂಡೆ ಒತ್ತಿ ಹೊಲ ಮಾಡಿದೆವು. ಅವಳ ಜಾಗ ಅವಳಿಗೆ ಬಿಡುವ ಬುದ್ಧಿ ನಮಗೆ ಕೊಡು. ಮೇಲೆ ಕೂತು ನೀರು ಬಿಡುವವರಿಗೆ, ಕೆಳಗೆ ಮಲಗಿರುವ ಮಕ್ಕಳ ನೆನಪು ಕೊಡು. ಬಿಡುವ ಮೊದಲು ನಮಗೆ ಎದ್ದು ಹೊರಡಲು ಹೊತ್ತು ಸಿಗಲಿ.

ಎಲ್ಲರೂ: ನಮ್ಮ ಕೈ ಬಿಡಬೇಡ, ದೇವರೇ.

ಇನ್ನೊಂದು ಮಾತಿದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಇವತ್ತು ಎಲ್ಲರ ಪರವಾಗಿ ಹೇಳುತ್ತೇವೆ.

ಗಂಜಿ ಕೇಂದ್ರದಲ್ಲಿ ತಾಟು ಹಿಡಿದು ಸಾಲಲ್ಲಿ ನಿಂತಾಗ ನಮಗೆ ಬಹಳ ನಾಚಿಕೆಯಾಯಿತು. ಸುಗ್ಗಿಯಲ್ಲಿ ಕಣಕ್ಕೆ ಬಂದವರಿಗೆ ಮೊರ ತುಂಬಾ ಜೋಳ ಕೊಟ್ಟ ಮನೆಯವರು ಆ ಸಾಲಲ್ಲಿದ್ದರು. ಕೆಲವು ಹಿರಿಯರು ಮೊದಲ ದಿನ ಹಸಿವಿಲ್ಲ ಅಂತ ಸುಳ್ಳು ಹೇಳಿ ಶಾಲೆಯ ಗೋಡೆಗೆ ಮುಖ ಮಾಡಿ ಮಲಗಿದರು. ಯಾರದೋ ಹಳೆ ಸೀರೆ ಉಡುವಾಗ ನಮ್ಮ ತಾಯಂದಿರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಆ ನಾಚಿಕೆಯನ್ನು ನಮ್ಮಿಂದ ತೆಗೆದುಬಿಡು. ನಾವು ಕಂಡಿಲ್ಲದ ಊರಿನ ಹೆಂಗಸರು ರಾತ್ರಿಯೆಲ್ಲಾ ಒಲೆ ಮುಂದೆ ಕೂತು ನಮಗಾಗಿ ರೊಟ್ಟಿ ಬಡಿದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕಟ್ಟು ಕಟ್ಟಿ ಗಾಡಿಯಲ್ಲಿ ಕಳಿಸಿದರು. ಒಂದು ಗಂಟಿನಲ್ಲಿ ರೊಟ್ಟಿಯ ನಡುವೆ ಯಾರೋ ಕೂಸಿಗೆ ಅಂತ ಒಂದು ಕುಲಾಯಿ ಇಟ್ಟಿದ್ದರು. ಅದು ಇವತ್ತೂ ಇಲ್ಲೊಂದು ಕೂಸಿನ ತಲೆ ಮೇಲಿದೆ. ಆ ತಾಯಂದಿರ ಒಲೆ ಎಂದೂ ಆರದಿರಲಿ. ಕೊಟ್ಟವರ ಮುಂದೆ ನಾವು ತಲೆ ತಗ್ಗಿಸುವುದು ಬೇಡ. ಅವರ ಊರಿಗೆ ಕಷ್ಟ ಬಂದ ದಿನ ನಮ್ಮ ಗಾಡಿ ಎಲ್ಲರಿಗಿಂತ ಮೊದಲು ಹೋಗಲಿ.

ಎಲ್ಲರೂ: ಹಾಗೇ ಆಗಲಿ, ದೇವರೇ.

ಈಗ ನಮ್ಮೊಳಗಿನ ಜಗಳದ ಮಾತು. ಬಿದ್ದ ಮನೆಗಳ ಪಟ್ಟಿ ಆಗುತ್ತಿದೆ. ಯಾರದು ಪೂರ್ತಿ ಬಿದ್ದದ್ದು, ಯಾರದು ಅರ್ಧ, ಯಾರ ಹೆಸರು ಸೇರಿತು, ಯಾರದು ಬಿಟ್ಟುಹೋಯಿತು ಅಂತ ಒಡಹುಟ್ಟಿದವರೇ ಮಾತು ಬಿಡುತ್ತಿದ್ದಾರೆ. ಬೀಳದ ಮನೆಯವರ ಬಾಯಲ್ಲಿ ಬಿತ್ತು ಅನ್ನುವ ಸುಳ್ಳು ಬಾರದಿರಲಿ. ಹೆಸರು ಬಿಟ್ಟುಹೋದ ವಿಧವೆಯ ಜೊತೆ ನಾಲ್ಕು ಜನ ಎದ್ದು ಪಂಚಾಯಿತಿಗೆ ಹೋಗುವಂತೆ ಮಾಡು.

2009ರಲ್ಲೂ ಹೊಳೆ ಬಂದಿತ್ತು. ಆಮೇಲೆ ಆಸರೆ ಮನೆಗಳಾದವು. ಕೆಲವರು ಹೋದರು. ಹೊಲ, ದನ, ಹಿರಿಯರ ಗುಡಿ ಬಿಟ್ಟು ಹೋಗಲಾರದೆ ಕೆಲವರು ಇಲ್ಲೇ ಉಳಿದರು. ಈಗ ಮತ್ತೆ ಅದೇ ಪ್ರಶ್ನೆ ಬಂದಿದೆ. ಹೋಗುವವರನ್ನು ಉಳಿಯುವವರು ಬೈಯದಿರಲಿ. ಉಳಿಯುವವರನ್ನು ಹೋಗುವವರು ಹಂಗಿಸದಿರಲಿ. ಎಲ್ಲಿ ಮನೆ ಕಟ್ಟಿದರೂ ಊರು ಒಂದೇ ಇರಲಿ.

ಮಕ್ಕಳಿಗಾಗಿ ಬೇಡುತ್ತೇವೆ. ಗುಡುಗಿದರೆ ಅವರು ಚೀರುತ್ತಾರೆ, ಮಳೆ ಹನಿದರೆ ಚೀಲ ಎತ್ತಿಕೊಂಡು ಬಾಗಿಲಿಗೆ ಓಡುತ್ತಾರೆ. ಆ ಭಯ ಇಳಿಸು. ಕೆಸರಾದ ಪುಸ್ತಕ, ಮಾರ್ಕ್ಸ್ ಕಾರ್ಡ್, ಹೊಲದ ಉತಾರ ಎಲ್ಲಾ ಹಗ್ಗದ ಮೇಲೆ ಒಣಗಲು ಹಾಕಿದ್ದೇವೆ. ಅಕ್ಷರ ಅಳಿಸಿದ ಕಾಗದಕ್ಕಾಗಿ ಯಾರೂ ನಮ್ಮನ್ನು ಸುಮ್ನೆ ಅಲೆದಾಡಿಸದಿರಲಿ.

ಬರುವ ವಾರ ಗಣಪ್ಪ ಬರುತ್ತಾನೆ, ಮೊಹರಂ ದೇವರೂ ಕೂರುತ್ತವೆ. ಈ ಸಲ ಡೋಲು ಕಡಿಮೆ ಇರಬಹುದು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಬರುವುದು ಕಡಿಮೆಯಾಗದಿರಲಿ.

ಎಲ್ಲರೂ: ನಮ್ಮನ್ನು ಕೂಡಿ ಇಡು, ದೇವರೇ.

ಕೊನೆಗೆ ಹೊಲದ ಮಾತು. ಕೊಯ್ಲಿಗೆ ಬಂದ ಹೆಸರು ಬಳ್ಳಿಯಲ್ಲೇ ಮೊಳೆಯಿತು. ಉಳ್ಳಾಗಡ್ಡಿ ಕೊಳೆಯಿತು. ಹಗೇವಿಗೆ ನೀರು ಹೋಗಿ ವರ್ಷದ ಜೋಳ ಕೆಟ್ಟಿತು. ಹೊಲದ ಮೇಲೆ ಮರಳು ಕೂತಿದೆ. ಹಿಂಗಾರಿ ಹತ್ತಿರ ಬಂತು. ಕಡಲೆ ಬಿತ್ತಬೇಕು, ಬಿಳಿಜೋಳ ಬಿತ್ತಬೇಕು. ಮರಳು ಎತ್ತಲು ರಟ್ಟೆಗೆ ಬಲ ಕೊಡು. ಎತ್ತು ಕಳಕೊಂಡವರಿಗೆ ಎತ್ತು ಇದ್ದವರು ಒಂದು ದಿನ ಬಿಟ್ಟುಕೊಡಲಿ. ಬೀಜ ಇದ್ದವರು ಇಲ್ಲದವರಿಗೆ ಒಂದು ಪಾವಾದರೂ ಕೊಡಲಿ. ಹದ ನೋಡಿ ಮಳೆ ಕೊಡು, ಬೇಕಾದಷ್ಟೇ ಕೊಡು.

ಎಲ್ಲರೂ: ಹಾಗೇ ಆಗಲಿ, ದೇವರೇ. ಹಾಗೇ ಆಗಲಿ.