ಭಾನುವಾರ ಬೆಳಗಿನ ಜಾವ 2:45ರ ವಿಮಾನ ನಿಲ್ದಾಣದ ಪಿಕಪ್ ಖಚಿತಪಡಿಸುವ ಬಗ್ಗೆ

ಮಂಜುನಾಥ್ ಅವರಿಗೆ ನಮಸ್ಕಾರ,

ನಿನ್ನೆ ಸಂಜೆ ಫೋನಿನಲ್ಲಿ ಮಾತನಾಡಿದ ವಿಷಯಗಳನ್ನು ಬರಹದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಲು ಈ ಸಂದೇಶ ಕಳುಹಿಸುತ್ತಿದ್ದೇನೆ. ನಮ್ಮ ತಂದೆ ತಾಯಿ ಕಾಶಿಗೆ ಹೊರಟಿದ್ದು, ಅವರ ವಿಮಾನವು 2025ರ ಡಿಸೆಂಬರ್ 14, ಭಾನುವಾರ ಬೆಳಿಗ್ಗೆ 6:10ಕ್ಕೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಟರ್ಮಿನಲ್ 1ರಿಂದ ಹೊರಡುತ್ತದೆ. ನೀವು ಅದೇ ದಿನ ಬೆಳಗಿನ ಜಾವ 2:45ಕ್ಕೆ ಬಸವನಗುಡಿಗೆ ಬಂದು ಅವರನ್ನು ಕರೆದುಕೊಂಡು ಹೋಗಬೇಕು.

ದಿನದ ವಿಷಯದಲ್ಲಿ ಮಾತ್ರ ದಯವಿಟ್ಟು ಗೊಂದಲವಾಗದಿರಲಿ. ಶನಿವಾರ ರಾತ್ರಿ ಊಟ ಮುಗಿಸಿ ಮಲಗಿ, ನಡುರಾತ್ರಿ ಕಳೆದ ಮೇಲೆ ಬರುವ 2:45 ಅದು; ಭಾನುವಾರ ರಾತ್ರಿಯದಲ್ಲ. ಹಿಂದೊಮ್ಮೆ ಬೇರೊಬ್ಬ ಚಾಲಕರಿಗೆ ನಾನು ಬಾಯಿಮಾತಿನಲ್ಲಿ "ಭಾನುವಾರ ರಾತ್ರಿ ಮೂರು ಗಂಟೆ" ಎಂದು ಹೇಳಿದ್ದರಿಂದ ಅವರು ಒಂದು ದಿನ ತಡವಾಗಿ ಬಂದರು, ನಮ್ಮವರು ಮನೆ ಬಾಗಿಲಲ್ಲಿ ಸಾಮಾನು ಇಟ್ಟುಕೊಂಡು ಕಾದು ಕಾದು ವಿಮಾನ ತಪ್ಪಿಸಿಕೊಂಡರು. ಆ ತಪ್ಪು ನನ್ನ ಮಾತಿನದೇ ಆಗಿತ್ತು. ಆದ್ದರಿಂದಲೇ ಈ ಸಲ ದಿನ, ತಾರೀಖು, ಗಂಟೆ ಮೂರನ್ನೂ ಬಿಡಿಸಿ ಬರೆದಿದ್ದೇನೆ. ಸೋಮವಾರ ಬೆಳಿಗ್ಗೆ ಕಾಶಿಯಲ್ಲಿ ನಮ್ಮ ಅಜ್ಜಿಯ ಪಿಂಡಪ್ರದಾನಕ್ಕೆ ಪುರೋಹಿತರಿಗೆ ಹೇಳಿಯಾಗಿದೆ, ಹಾಗಾಗಿ ಈ ಪ್ರಯಾಣವನ್ನು ಮುಂದೂಡುವಂತಿಲ್ಲ.

ನಮ್ಮ ಮನೆಯಿರುವ ಅಡ್ಡರಸ್ತೆಯನ್ನು ಚರಂಡಿ ಕೆಲಸಕ್ಕಾಗಿ ಅಗೆದಿರುವುದರಿಂದ ಕಾರು ಒಳಗೆ ಬರುವುದಿಲ್ಲ. ಮ್ಯಾಪ್ ನಿಮ್ಮನ್ನು ಆ ರಸ್ತೆಯ ಒಳಕ್ಕೇ ಕರೆದೊಯ್ಯಬಹುದು, ಅದನ್ನು ನಂಬಬೇಡಿ. ಬುಲ್ ಟೆಂಪಲ್ ರಸ್ತೆಯಲ್ಲಿರುವ ರಾಮಕೃಷ್ಣ ಆಶ್ರಮದ ಮುಖ್ಯ ಗೇಟಿನ ಬಳಿ, ಆಶ್ರಮದ ಬದಿಯಲ್ಲೇ ಕಾರು ನಿಲ್ಲಿಸಿ. ತಂದೆಯವರಿಗೆ ಮಂಡಿನೋವು ಇದೆ. ಎದುರು ಬದಿಯಲ್ಲಿ ನಿಲ್ಲಿಸಿದರೆ ಕತ್ತಲಲ್ಲಿ ಅವರು ರಸ್ತೆ ದಾಟಬೇಕಾಗುತ್ತದೆ. ನನ್ನ ತಮ್ಮ ರಾಘವೇಂದ್ರ ಇಬ್ಬರನ್ನೂ 2:40ರ ಹೊತ್ತಿಗೆ ಅಲ್ಲಿಗೆ ಕರೆತಂದು ನಿಮಗಾಗಿ ಕಾಯುತ್ತಿರುತ್ತಾನೆ. ಅವನ ನಂಬರ್ 60000 10417. ನಾನು ಹುಬ್ಬಳ್ಳಿಯಲ್ಲಿರುವುದರಿಂದ ಆ ಹೊತ್ತಿನಲ್ಲಿ ಮೊದಲು ಅವನಿಗೇ ಕರೆ ಮಾಡಿ. ಅವನು ಸಿಗದಿದ್ದರೆ ಈ ಸಂದೇಶ ಬಂದಿರುವ ನನ್ನ ನಂಬರಿಗೆ ಮಾಡಿ, ನಾನೂ ಎಚ್ಚರವಾಗಿರುತ್ತೇನೆ.

ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಸುಮಾರು 40 ಕಿಲೋಮೀಟರ್ ಆಗುತ್ತದೆ. ಆ ಹೊತ್ತಿನಲ್ಲಿ ಹೆಬ್ಬಾಳದಲ್ಲಿ ಹಗಲಿನಷ್ಟು ದಟ್ಟಣೆ ಇರುವುದಿಲ್ಲವಾದರೂ, ಕೆ.ಆರ್. ಮಾರುಕಟ್ಟೆಯ ಬಳಿ ಹೂವು ತರಕಾರಿಯ ಗಾಡಿಗಳು ಆಗಲೇ ಬಂದು ನಿಂತಿರುವುದರಿಂದ ಆ ಕಡೆಯಿಂದ ಹೋಗುವುದು ಬೇಡವೆಂದು ನನ್ನ ಅನಿಸಿಕೆ. ಉಳಿದ ದಾರಿ ನಿಮಗೇ ಚೆನ್ನಾಗಿ ಗೊತ್ತು. ತಂದೆಯವರಿಗೆ ಗಾಲಿಕುರ್ಚಿ ಕೇಳಿದ್ದೇವೆ, ಅದು ಬರಲು ಸ್ವಲ್ಪ ಸಮಯ ಹಿಡಿಯಬಹುದಾದ್ದರಿಂದ 4 ಗಂಟೆಯೊಳಗೆ ಅಲ್ಲಿರಬೇಕು. ಡಿಸೆಂಬರಿನಲ್ಲಿ ದೇವನಹಳ್ಳಿಯ ಕಡೆ ಮಂಜು ಕವಿಯುವುದುಂಟು, ಹಾಗೇನಾದರೂ ಇದ್ದರೆ ವೇಗ ಬೇಡ, ನಿಧಾನವಾಗಿಯೇ ಹೋಗಿ. ಅದಕ್ಕೂ ಸೇರಿಸಿಯೇ ಸಮಯ ಇಟ್ಟುಕೊಂಡಿದ್ದೇವೆ. ಮಂಜಿನಿಂದ ವಿಮಾನ ತಡವೆಂದು ಸುದ್ದಿ ಬಂದರೂ ನಾವಾಗಿ ಹೇಳುವವರೆಗೆ ಪಿಕಪ್ ಸಮಯ ಬದಲಾಗುವುದಿಲ್ಲ. ಇಳಿಸುವಾಗ ಟರ್ಮಿನಲ್ 2 ಅಲ್ಲ, ಟರ್ಮಿನಲ್ 1ರ ನಿರ್ಗಮನ ದ್ವಾರದ ಎದುರು ಇಳಿಸಿ.

ಎರಡು ದೊಡ್ಡ ಸೂಟ್‌ಕೇಸ್, ಎರಡು ಕೈಚೀಲ ಇವೆ; ನೀವು ಹೇಳಿದ ಎರ್ಟಿಗಾ ಕಾರನ್ನೇ ತಂದರೆ ಸಾಕು. ಬಾಡಿಗೆ 1,400 ರೂಪಾಯಿ ಎಂದು ಮಾತಾಗಿದೆ, ಟೋಲ್ ಬಿದ್ದರೆ ಅದನ್ನು ಬೇರೆ ಕೊಡುತ್ತೇವೆ. ಮುಂಗಡ 300 ರೂಪಾಯಿಯನ್ನು ಈಗಾಗಲೇ ಫೋನ್‌ಪೇ ಮಾಡಿದ್ದೇನೆ, ಉಳಿದದ್ದನ್ನು ಕಾರು ಹತ್ತುವ ಮೊದಲೇ ರಾಘವೇಂದ್ರ ಕೊಡುತ್ತಾನೆ.

ಇನ್ನೊಂದು ಮಾತು. ಶನಿವಾರ ಸಂಜೆಯ ಮೇಲೆ ದೂರದ ಬಾಡಿಗೆ ಒಪ್ಪಿಕೊಳ್ಳದೆ ದಯವಿಟ್ಟು ನಾಲ್ಕಾರು ಗಂಟೆ ನಿದ್ದೆ ಮಾಡಿ ಬನ್ನಿ. ನಮ್ಮವರಷ್ಟೇ ಅಲ್ಲ, ಒಬ್ಬರೇ ವಾಪಸ್ ಬರಬೇಕಾದ ನೀವೂ ಕ್ಷೇಮವಾಗಿರಬೇಕು. ಅಕಸ್ಮಾತ್ ಬರಲಾಗದ ಸಂದರ್ಭ ಬಂದರೆ ಬೇರೆ ಚಾಲಕರನ್ನು ಕಳುಹಿಸುವ ಮುನ್ನ ನನಗೆ ತಿಳಿಸಿ.

ಈ ಸಂದೇಶ ಓದಿದ ಮೇಲೆ ದಿನ ಮತ್ತು ಸಮಯವನ್ನು ನೀವೇ ಒಮ್ಮೆ ಬರೆದು, ಕಾರಿನ ನಂಬರಿನೊಂದಿಗೆ ಶನಿವಾರ ರಾತ್ರಿ 8 ಗಂಟೆಯೊಳಗೆ ಉತ್ತರ ಕಳುಹಿಸಿ. ರಾತ್ರಿ 2 ಗಂಟೆಗೆ ರಾಘವೇಂದ್ರ ನಿಮಗೆ ಕರೆ ಮಾಡುತ್ತಾನೆ, ಫೋನ್ ಸೈಲೆಂಟ್‌ನಲ್ಲಿ ಇಡಬೇಡಿ.

ವಂದನೆಗಳು,
ಸುಮಾ