ಸುತ್ತೋಲೆ: ಹೊಸ ಸಿಸಿಟಿವಿ ವ್ಯವಸ್ಥೆಯ ಲಾಗಿನ್ ಹಾಗೂ ದೃಶ್ಯಾವಳಿ ವೀಕ್ಷಣೆ ಕುರಿತು

ದಿನಾಂಕ: 9 ಫೆಬ್ರವರಿ 2026
ಸ್ಥಳ: ವಿಜಯನಗರ, ಬೆಂಗಳೂರು
ಇವರಿಗೆ: ಎ, ಬಿ ಮತ್ತು ಸಿ ಬ್ಲಾಕ್‌ಗಳ ಎಲ್ಲ ಮನೆ ಮಾಲೀಕರು ಮತ್ತು ಬಾಡಿಗೆದಾರರು

ಮಾನ್ಯರೇ,

ಕಳೆದ ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆ ಪಡೆದಂತೆ ನಮ್ಮ ಸಮುಚ್ಚಯದ ಹಳೆಯ ಕ್ಯಾಮೆರಾಗಳನ್ನು ತೆಗೆದು ಹೊಸ ವ್ಯವಸ್ಥೆಯನ್ನು ಅಳವಡಿಸಲಾಗಿದ್ದು, ಬರುವ ಭಾನುವಾರ, ಅಂದರೆ ಫೆಬ್ರವರಿ 15ರಿಂದ ಅದು ಪೂರ್ಣವಾಗಿ ಕಾರ್ಯಾರಂಭ ಮಾಡಲಿದೆ. ಅಂದು ಬೆಳಿಗ್ಗೆಯಿಂದ ಹಳೆಯ ಪಾಸ್‌ವರ್ಡ್ ಯಾರ ಮೊಬೈಲ್‌ನಲ್ಲಿಯೂ ಕೆಲಸ ಮಾಡುವುದಿಲ್ಲ. ಯಾವ ಲಾಗಿನ್‌ನಿಂದ ಏನನ್ನು ನೋಡಬಹುದು, ರೆಕಾರ್ಡ್ ಆದ ದೃಶ್ಯ ಬೇಕಾದಾಗ ಏನು ಮಾಡಬೇಕು ಎಂಬುದನ್ನು ಕಾರ್ಯಕಾರಿ ಸಮಿತಿಯ ತೀರ್ಮಾನದಂತೆ ಈ ಮೂಲಕ ತಿಳಿಸುತ್ತಿದ್ದೇನೆ.

ಹಳೆಯ ವ್ಯವಸ್ಥೆಗೆ ಇದ್ದದ್ದು ಒಂದೇ ಪಾಸ್‌ವರ್ಡ್. ಅದನ್ನು ಬರೆದ ಚೀಟಿಯನ್ನು ಭದ್ರತಾ ಕೊಠಡಿಯ ಮಾನಿಟರ್ ಕೆಳಗೆ ಅಂಟಿಸಲಾಗಿತ್ತು. ಕೊರಿಯರ್ ಕೊಡಲು ಬಂದವರೂ ಅದನ್ನು ಓದಬಹುದಿತ್ತು. ಮನೆ ಖಾಲಿ ಮಾಡಿಕೊಂಡು ಹೋದವರ ಮೊಬೈಲ್‌ಗಳಲ್ಲಿಯೂ ನಮ್ಮ ಲಿಫ್ಟ್ ಮತ್ತು ಮೆಟ್ಟಿಲುಗಳ ನೇರ ದೃಶ್ಯ ಕಾಣುತ್ತಲೇ ಇತ್ತು. ಕಳೆದ ವರ್ಷ ಮನೆಗೆಲಸಕ್ಕೆ ಬರುವ ಒಬ್ಬ ಹೆಣ್ಣುಮಗಳು ಕೈಚೀಲ ಹಿಡಿದು ಲಿಫ್ಟಿನಿಂದ ಇಳಿಯುವ ದೃಶ್ಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡಿತು. ಕಳುವಾಯಿತೆಂದುಕೊಂಡ ವಸ್ತು ಮರುದಿನ ಅದೇ ಮನೆಯಲ್ಲಿ ಸಿಕ್ಕಿತಾದರೂ ಆಕೆ ಮತ್ತೆ ನಮ್ಮ ಗೇಟಿನೊಳಗೆ ಬರಲಿಲ್ಲ. ಆ ದೃಶ್ಯವನ್ನು ಹಂಚಿದವರು ಯಾರೆಂದು ಪತ್ತೆ ಹಚ್ಚಲು ಸಾಧ್ಯವಾಗಲಿಲ್ಲ, ಏಕೆಂದರೆ ಎಲ್ಲರೂ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದರು. ಹೊಸ ನಿಯಮಗಳೆಲ್ಲವೂ ಇದನ್ನು ತಡೆಯುವುದಕ್ಕಾಗಿಯೇ ಇವೆ.

ಇನ್ನು ಮುಂದೆ ಪ್ರತಿ ಮನೆಗೆ ಒಂದು ಲಾಗಿನ್ ಇರುತ್ತದೆ. ಬಳಕೆದಾರರ ಹೆಸರು ಬ್ಲಾಕ್ ಮತ್ತು ಮನೆಯ ಸಂಖ್ಯೆಯೇ ಆಗಿರುತ್ತದೆ. ಉದಾಹರಣೆಗೆ, ಬಿ ಬ್ಲಾಕಿನ 204ನೇ ಮನೆಗೆ B-204. ತಾತ್ಕಾಲಿಕ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಇಟ್ಟಿದ್ದು, ಫೆಬ್ರವರಿ 11ರಿಂದ 14ರವರೆಗೆ ಸಂಜೆ 6ರಿಂದ 8 ಗಂಟೆಯೊಳಗೆ ಸಂಘದ ಕಚೇರಿಗೆ ಗುರುತಿನ ಚೀಟಿಯೊಂದಿಗೆ ಬಂದು ಸಹಿ ಮಾಡಿ ಪಡೆಯಬಹುದು. ಮೊದಲ ಸಲ ಲಾಗಿನ್ ಆದ ಕೂಡಲೇ ಕನಿಷ್ಠ 12 ಅಕ್ಷರಗಳ ಹೊಸ ಪಾಸ್‌ವರ್ಡ್ ಹಾಕಿಕೊಳ್ಳುವವರೆಗೆ ಆ್ಯಪ್ ಮುಂದಕ್ಕೆ ಹೋಗುವುದಿಲ್ಲ. ಒಂದು ಲಾಗಿನ್ ಎರಡು ಮೊಬೈಲ್‌ಗಳಲ್ಲಿ ಮಾತ್ರ ನಡೆಯುತ್ತದೆ. ಸಂಘದ ಪರವಾಗಿ ಯಾರೂ ನಿಮ್ಮ ಪಾಸ್‌ವರ್ಡನ್ನಾಗಲಿ ಒಟಿಪಿಯನ್ನಾಗಲಿ ಫೋನಿನಲ್ಲಿ ಕೇಳುವುದಿಲ್ಲ. ಕೇಳಿದವರಿಗೆ ದಯವಿಟ್ಟು ಕೊಡಬೇಡಿ. ಮನೆಯ ಹಿರಿಯರಿಗೆ ಆ್ಯಪ್ ಹಾಕಿಕೊಡಲು ಕಚೇರಿಯ ಸಿಬ್ಬಂದಿ ನೆರವಾಗುತ್ತಾರೆ.

ಲಾಗಿನ್ ಸಿಗುವುದು ಮನೆಯಲ್ಲಿ ವಾಸವಾಗಿರುವವರಿಗೆ. ಹೊರ ಊರುಗಳಲ್ಲಿ ಮತ್ತು ವಿದೇಶದಲ್ಲಿರುವ ಕೆಲವು ಮಾಲೀಕರು ತಮಗೂ ಲಾಗಿನ್ ಬೇಕೆಂದು ಕೇಳಿದ್ದಾರೆ. ಆಸ್ತಿಯ ಬಗ್ಗೆ ಅವರಿಗಿರುವ ಕಾಳಜಿ ಅರ್ಥವಾಗುತ್ತದೆ. ಆದರೆ ಬಾಡಿಗೆಗೆ ಇರುವ ಕುಟುಂಬ ಯಾವಾಗ ಹೊರಗೆ ಹೋಯಿತು, ಯಾರು ಬಂದರು ಎಂಬುದನ್ನು ದೂರದಿಂದ ಗಮನಿಸಲು ಅವಕಾಶ ಕೊಡುವುದು ನ್ಯಾಯವಲ್ಲವೆಂದು ಸಮಿತಿ ಭಾವಿಸಿದೆ. ಬಾಡಿಗೆದಾರರು ಮನೆ ಬಿಟ್ಟ ದಿನವೇ ಆ ಲಾಗಿನ್ ರದ್ದಾಗುತ್ತದೆ. ಹಾಗಾಗಿ ಮನೆ ಖಾಲಿಯಾಗುವ ವಿಷಯವನ್ನು ಮಾಲೀಕರು ಮುಂಚಿತವಾಗಿ ಕಚೇರಿಗೆ ತಿಳಿಸಬೇಕು.

ನಿವಾಸಿಗಳ ಲಾಗಿನ್‌ನಲ್ಲಿ ಮುಖ್ಯ ಗೇಟ್, ಹಿಂಬದಿಯ ಗೇಟ್ ಮತ್ತು ಅತಿಥಿಗಳ ವಾಹನ ನಿಲುಗಡೆಯ ನೇರ ದೃಶ್ಯ ಮಾತ್ರ ಕಾಣುತ್ತದೆ. ಹಿಂದಿನ ದೃಶ್ಯವನ್ನು ತೆಗೆದು ನೋಡಲು, ಇಳಿಸಿಕೊಳ್ಳಲು ಅದರಲ್ಲಿ ಅವಕಾಶವಿಲ್ಲ. ಮಕ್ಕಳ ಆಟದ ಅಂಗಳವನ್ನೂ ಇದರಲ್ಲಿ ಸೇರಿಸಬೇಕೆಂದು ಹಲವು ಪೋಷಕರು ಕೋರಿದ್ದರು. ಅಡುಗೆಮನೆಯಿಂದಲೇ ಮಗುವಿನ ಮೇಲೆ ಒಂದು ಕಣ್ಣಿಡಬಹುದೆಂಬ ಅವರ ಆಸೆ ಸಹಜವಾದದ್ದು. ಆದರೆ ಒಬ್ಬ ತಾಯಿಗೆ ಕಾಣುವ ಅಂಗಳ ಪ್ರತಿಯೊಂದು ಲಾಗಿನ್‌ಗೂ ಕಾಣುತ್ತದೆ. ಯಾರು, ಎಲ್ಲಿ ಕುಳಿತು, ಯಾರ ಮಗುವನ್ನು ನೋಡುತ್ತಿದ್ದಾರೆ ಎಂದು ತಿಳಿಯುವ ದಾರಿ ಇರುವುದಿಲ್ಲ. ಆದ್ದರಿಂದ ಅಂಗಳ, ಲಿಫ್ಟ್, ಮೆಟ್ಟಿಲು ಮತ್ತು ನೆಲಮಾಳಿಗೆಯ ದೃಶ್ಯಗಳು ಭದ್ರತಾ ಕೊಠಡಿಯ ಪರದೆಯಲ್ಲಿ ಮಾತ್ರ ಇರುತ್ತವೆ. ಸಂಜೆ 4ರಿಂದ 8ರವರೆಗೆ ಅಂಗಳದ ಬಳಿ ಒಬ್ಬ ಕಾವಲುಗಾರರು ಖುದ್ದಾಗಿ ಇರುವಂತೆ ವ್ಯವಸ್ಥೆ ಮಾಡಲಾಗಿದೆ. ಎರಡು ಕ್ಯಾಮೆರಾಗಳ ಅಂಚಿನಲ್ಲಿ ಮನೆಬಾಗಿಲುಗಳು ಕಾಣುತ್ತಿದ್ದುದರಿಂದ ಆ ಭಾಗ ರೆಕಾರ್ಡ್ ಆಗದಂತೆ ಮರೆಮಾಡಲಾಗಿದೆ. ಯಾವ ಕ್ಯಾಮೆರಾದಲ್ಲಿಯೂ ಧ್ವನಿ ದಾಖಲಾಗುವುದಿಲ್ಲ.

ಭದ್ರತಾ ಸಿಬ್ಬಂದಿ ನೇರ ದೃಶ್ಯವನ್ನಷ್ಟೇ ನೋಡಬಹುದು. ರೆಕಾರ್ಡ್ ಆದದ್ದನ್ನು ತೆಗೆದು ನೋಡುವ ಅಧಿಕಾರ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ವ್ಯವಸ್ಥಾಪಕರಿಗೆ ಇದೆ. ಅದೂ ಒಬ್ಬರೇ ಕುಳಿತು ನೋಡುವಂತಿಲ್ಲ, ಮೂವರಲ್ಲಿ ಇಬ್ಬರಾದರೂ ಇರಬೇಕು. ಯಾವ ಲಾಗಿನ್‌ನಿಂದ, ಎಷ್ಟು ಹೊತ್ತಿಗೆ, ಯಾವ ಕ್ಯಾಮೆರಾ ನೋಡಲಾಯಿತು ಎಂಬುದು ಯಂತ್ರದಲ್ಲಿ ತಾನಾಗಿಯೇ ದಾಖಲಾಗುತ್ತದೆ, ಸಮಿತಿಯವರೂ ಇದಕ್ಕೆ ಹೊರತಲ್ಲ. ಕ್ಯಾಮೆರಾ ಅಳವಡಿಸಿದ ಸಂಸ್ಥೆಯ ಲಾಗಿನ್ ಮುಚ್ಚಿಡಲಾಗಿದ್ದು, ದುರಸ್ತಿಯ ಸಮಯದಲ್ಲಿ ಮಾತ್ರ ತೆರೆಯಲಾಗುವುದು.

ವಾಹನಕ್ಕೆ ಪೆಟ್ಟು, ಕಳವು ಅಥವಾ ಕಿರುಕುಳದಂಥ ಕಾರಣಕ್ಕೆ ದೃಶ್ಯ ನೋಡಬೇಕಾದವರು ದಿನಾಂಕ, ಅಂದಾಜು ಸಮಯ, ಜಾಗ ಮತ್ತು ಕಾರಣವನ್ನು ಬರೆದು ಕಚೇರಿಗೆ ಅರ್ಜಿ ಕೊಡಬೇಕು. ಕೆಲಸದ ಮೂರು ದಿನಗಳೊಳಗೆ, ಅರ್ಜಿಗೆ ಸಂಬಂಧಿಸಿದ ಭಾಗವನ್ನು ಕಚೇರಿಯಲ್ಲಿಯೇ ತೋರಿಸಲಾಗುವುದು. ಪರದೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸುವಂತಿಲ್ಲ. ಮನೆಗೆಲಸದವರು, ಚಾಲಕರು ಮತ್ತು ಭದ್ರತಾ ಸಿಬ್ಬಂದಿಯ ಮೇಲೆ ಆರೋಪ ಬಂದರೆ ಅವರಿಗೂ ಹೀಗೆಯೇ ಅರ್ಜಿ ಕೊಟ್ಟು ನೋಡುವ ಹಕ್ಕಿದೆ. ಬರೆಯಲು ಬಾರದವರ ಪರವಾಗಿ ಕಚೇರಿಯವರು ಬರೆದುಕೊಳ್ಳಬೇಕು.

ರೆಕಾರ್ಡಿಂಗ್ 30 ದಿನ ಉಳಿಯುತ್ತದೆ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ ಜನ ಸೇರುವ ಸಂಸ್ಥೆಗಳಿಗೆ ಹೇಳುವ ಅವಧಿಯೂ ಇಷ್ಟೇ ಆದ್ದರಿಂದ ನಾವೂ ಅದನ್ನೇ ಪಾಲಿಸುತ್ತಿದ್ದೇವೆ. 31ನೇ ದಿನ ಹಳೆಯದರ ಮೇಲೆ ಹೊಸದು ದಾಖಲಾಗಿ ಮೊದಲಿನದು ಅಳಿಸಿಹೋಗುತ್ತದೆ. ಆದಕಾರಣ ಘಟನೆ ನಡೆದ ವಾರದೊಳಗೆ ಅರ್ಜಿ ಕೊಟ್ಟರೆ ಆ ಭಾಗವನ್ನು ಅಳಿಯದಂತೆ ಬೇರೆಯಾಗಿ ಇರಿಸಬಹುದು.

ದೃಶ್ಯದ ಪ್ರತಿಯನ್ನು ಪೊಲೀಸರ ಲಿಖಿತ ಕೋರಿಕೆ ಅಥವಾ ನ್ಯಾಯಾಲಯದ ಆದೇಶದ ಮೇಲೆ ಮಾತ್ರ ಕೊಡಲಾಗುವುದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಇರಬೇಕು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆಯನ್ನೂ, ಅಂದರೆ ಕಡತ ಸ್ವಲ್ಪ ಬದಲಾದರೂ ತಾನೂ ಬದಲಾಗುವ ಗುರುತು ಸಂಖ್ಯೆಯನ್ನೂ, ನಮೂದಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳುಹಿಸಿದಾಗ ಅದು ಕುಗ್ಗಿ ಹ್ಯಾಶ್ ಬದಲಾಗುತ್ತದೆ. ಅಂದರೆ ಗುಂಪಿಗೆ ಹಾಕಿದ ತುಣುಕಿನಿಂದ ದೂರುದಾರರಿಗೇ ತೊಂದರೆ. ಹಳೆಯ ಯಂತ್ರದ ಗಡಿಯಾರ ಹಿಂದೆ ಬಿದ್ದಿದ್ದು, ಹೊಸದು ಅಂತರ್ಜಾಲದ ಮೂಲಕ ಸಮಯವನ್ನು ತಾನೇ ಸರಿಪಡಿಸಿಕೊಳ್ಳುವುದರಿಂದ, ದೃಶ್ಯದ ಮೇಲಿನ ಸಮಯವನ್ನು ಇನ್ನು ನಂಬಬಹುದು.

ಮಗು ಅಥವಾ ವಯಸ್ಸಾದವರು ಕಾಣೆಯಾದಾಗ, ಬೆಂಕಿ ಬಿದ್ದಾಗ, ಯಾರಿಗಾದರೂ ಅಪಾಯವಿದ್ದಾಗ ಈ ಅರ್ಜಿ, ಸಹಿ, ಮೂರು ದಿನ ಯಾವುದೂ ಅಡ್ಡಿಯಲ್ಲ. ಮೊದಲು 112ಕ್ಕೆ ಕರೆ ಮಾಡಿ, ಭದ್ರತಾ ಕೊಠಡಿಗೆ ತಿಳಿಸಿ; ಎಷ್ಟೇ ಹೊತ್ತಾಗಿರಲಿ, ನಾನು ಅಥವಾ ವ್ಯವಸ್ಥಾಪಕರು ಬಂದು ದೃಶ್ಯ ತೆಗೆಯುತ್ತೇವೆ. ಬರವಣಿಗೆಯ ಕೆಲಸ ಆಮೇಲೆ ಮುಗಿಸೋಣ.

ದೃಶ್ಯವನ್ನು ಚಿತ್ರೀಕರಿಸಿದ ಅಥವಾ ಹಂಚಿದ ಮನೆಯ ಲಾಗಿನ್ ಮೂರು ತಿಂಗಳು ಸ್ಥಗಿತಗೊಳ್ಳುತ್ತದೆ, ಹಾಗೂ ತೊಂದರೆಗೊಳಗಾದವರು ಪೊಲೀಸರಿಗೆ ದೂರು ನೀಡಲು ಸಂಘ ಸಹಕರಿಸುತ್ತದೆ. ಈ ನಿಯಮಗಳ ಬಗ್ಗೆ ಆಕ್ಷೇಪವಿದ್ದವರು ಫೆಬ್ರವರಿ 22ರೊಳಗೆ ಬರೆದು ಕೊಟ್ಟರೆ ಮಾರ್ಚ್ ತಿಂಗಳ ಸಮಿತಿ ಸಭೆಯಲ್ಲಿ ಅದನ್ನು ಚರ್ಚೆಗೆ ಇಡುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಅಪಾರ್ಟ್‌ಮೆಂಟ್ ಮಾಲೀಕರ ಸಂಘ

ಪ್ರತಿ: ಎ, ಬಿ, ಸಿ ಬ್ಲಾಕ್ ಸೂಚನಾ ಫಲಕಗಳು, ಭದ್ರತಾ ಕೊಠಡಿ