ಗುತ್ತಿಗೆ ಆಳುಗಳಿಗೆ ವಿಮೆ ಇಲ್ಲದಿದ್ದರೆ ಹೊಣೆ ಯಾರದು: ರೈಸ್ ಮಿಲ್ ಮಾಲೀಕರಿಗೆ ಒಂದು ಪತ್ರ

ಗಂಗಾವತಿ
7 ಆಗಸ್ಟ್ 2024

ವೀರೇಶಣ್ಣನವರಿಗೆ ನಮಸ್ಕಾರ,

ನಿನ್ನೆ ಫೋನಿನಲ್ಲಿ ನೀವು ಒಂದು ಮಾತು ಹೇಳಿದಿರಿ. "ಹಮಾಲರು ಮುಕದ್ದಮನವರು, ಶೀಟು ಹಾಕೋರು ಮೇಸ್ತ್ರಿಯವರು, ನನಗೇನು ಸಂಬಂಧ, ನನ್ನ ಆಳುಗಳಿಗೆ ಪಾಲಿಸಿ ಇದೆಯಲ್ಲ." ಆಗ ನೀವು ಲಾರಿ ತುಂಬಿಸುವ ಗಡಿಬಿಡಿಯಲ್ಲಿದ್ದಿರಿ, ನಾನೂ ಸರಿಯಾಗಿ ಹೇಳಲಿಲ್ಲ. ರಾತ್ರಿ ನಿಮ್ಮ ಪಾಲಿಸಿಯ ಪ್ರತಿ ತೆಗೆದು ನೋಡಿದೆ. ಸೋಮವಾರ ಮಿಲ್ಲಿನ ಮಾಡಿಗೆ ಶೀಟು ಹಾಕುವ ಕೆಲಸ ಶುರು ಅಂದಿದ್ದೀರಿ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಪಾಲಿಸಿಯ ಎರಡನೇ ಪುಟದಲ್ಲಿ ಎಂಟು ಜನರ ಲೆಕ್ಕ ಇದೆ. ಆಪರೇಟರ್ ಇಬ್ಬರು, ಬಾಯ್ಲರ್‌ನವರು, ಗುಮಾಸ್ತರು, ವಾಚ್‌ಮನ್, ಹೀಗೆ. ಅದರ ಕೆಳಗೆ ಗುತ್ತಿಗೆದಾರರ ಕೆಲಸಗಾರರು ಅಂತ ಒಂದು ಸಾಲು ಇದೆ, ಅಲ್ಲಿ "ಇಲ್ಲ" ಅಂತ ಟೈಪ್ ಆಗಿದೆ. ಏಪ್ರಿಲ್‌ನಲ್ಲಿ ರಿನ್ಯೂವಲ್ ಮಾಡುವಾಗ ಹಳೇ ಫಾರ್ಮ್ ನೋಡಿ ಹಾಗೇ ತುಂಬಿದವನು ನಾನು, ನಿಮ್ಮನ್ನು ಕೇಳಲಿಲ್ಲ. ಆ ತಪ್ಪು ನನ್ನದು. ಆದರೆ ಮಿಲ್ಲಿಗೆ ಬಂದಾಗಲೆಲ್ಲ ಚೀಲ ಹೊರುತ್ತಿರುವ ಹದಿನಾಲ್ಕು ಹಮಾಲರನ್ನು ನಾನೇ ನೋಡಿದ್ದೇನೆ. ಅವರಲ್ಲಿ ಒಬ್ಬರ ಹೆಸರೂ ಈ ಪಾಲಿಸಿಯಲ್ಲಿ ಇಲ್ಲ.

ಕಾನೂನು ಏನು ಹೇಳುತ್ತದೆ ಅಂದರೆ, ನಿಮ್ಮ ವ್ಯಾಪಾರದಲ್ಲಿ ಮಾಮೂಲಾಗಿ ನಡೆಯುವ ಕೆಲಸವನ್ನು ನೀವು ಗುತ್ತಿಗೆಗೆ ಕೊಟ್ಟರೂ, ನಿಮ್ಮ ಜಾಗದಲ್ಲಿ ಆ ಆಳಿಗೆ ಪೆಟ್ಟಾದರೆ, ನೀವೇ ನೇರವಾಗಿ ಕೆಲಸಕ್ಕೆ ಇಟ್ಟುಕೊಂಡಿದ್ದ ಹಾಗೆ ಪರಿಹಾರ ಕೊಡಬೇಕು. ಆಮೇಲೆ ಆ ದುಡ್ಡನ್ನು ಗುತ್ತಿಗೆದಾರನಿಂದ ವಸೂಲಿ ಮಾಡುವ ಹಕ್ಕು ನಿಮಗೆ ಇದೆ. ಹಕ್ಕೇನೋ ಇದೆ, ಆದರೆ ಮುಕದ್ದಮನ ಹತ್ತಿರ ಇರುವುದು ಒಂದು ಬೈಕು, ಒಂದು ಫೋನು. ಅವನಿಗೆ ಸ್ವಂತ ಪಾಲಿಸಿ ಇಲ್ಲದಿದ್ದರೆ ವಸೂಲಿ ಮಾಡುವುದು ಯಾವುದನ್ನ?

ಒಂದು ಲೆಕ್ಕ ಹೇಳುತ್ತೇನೆ, ಇದನ್ನು ದಯವಿಟ್ಟು ಎರಡು ಸಲ ಓದಿ. ಮೂವತ್ತು ವರ್ಷದ ಹಮಾಲ, ಚೀಲದ ಲೆಕ್ಕದಲ್ಲಿ ತಿಂಗಳಿಗೆ 20,000 ದುಡಿಯುತ್ತಾನೆ ಅಂದುಕೊಳ್ಳಿ. ಪರಿಹಾರದ ಲೆಕ್ಕಕ್ಕೆ ಸಂಬಳದ ಮಿತಿ 15,000. ಚೀಲದ ಅಟ್ಟಿ ಮೈಮೇಲೆ ಕುಸಿದು ಅವನು ಸತ್ತರೆ, ಅದರ ಅರ್ಧ 7,500ನ್ನು ಅವನ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿ ಇರುವ ಅಂಶ 207.98ರಿಂದ ಗುಣಿಸಬೇಕು. 15,59,850 ರೂಪಾಯಿ ಆಗುತ್ತದೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12ರ ಬಡ್ಡಿ, ಅಂದರೆ ವರ್ಷಕ್ಕೆ 1,87,182. ತಡಕ್ಕೆ ಸರಿಯಾದ ಕಾರಣ ಇಲ್ಲ ಅಂತ ಪರಿಹಾರದ ಕೇಸು ನೋಡುವ ಅಧಿಕಾರಿಗೆ ಅನಿಸಿದರೆ, ಅಸಲಿನ ಅರ್ಧದವರೆಗೆ ದಂಡವನ್ನೂ ಹಾಕಬಹುದು. ದಂಡ ಎಷ್ಟಿದ್ದರೂ ಅದು ನಿಮ್ಮ ಜೇಬಿನಿಂದಲೇ ಹೋಗಬೇಕು, ವಿಮಾ ಕಂಪನಿ ಕೊಡುವುದಿಲ್ಲ. ಬಡ್ಡಿಯನ್ನೂ ಕೊಡುವುದಿಲ್ಲ ಅಂತ ನಿಮ್ಮ ಪಾಲಿಸಿಯ ಷರತ್ತಿನಲ್ಲೇ ಬರೆದಿದೆ, ನೋಡಿದೆ.

ಸಾವು ಆಗದೆ ಕೈ ಹೋದರೂ ಇದು ಸಣ್ಣ ಮೊತ್ತ ಅಲ್ಲ. ಎಡಗೈ ಕಳಕೊಂಡ ಒಬ್ಬ ಬಡಗಿ ಇನ್ನು ಬಡಗಿ ಕೆಲಸ ಮಾಡಲಾರ, ಹಾಗಾಗಿ ಅದು ಪೂರ್ತಿ ಅಂಗವೈಕಲ್ಯವೇ ಅಂತ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಹಮಾಲನ ಬೆನ್ನು ಹೋದರೂ ಅವನ ವಕೀಲರು ಇದನ್ನೇ ಮುಂದಿಡುತ್ತಾರೆ. ಪೂರ್ತಿ ಅಂಗವೈಕಲ್ಯಕ್ಕೆ ಅರ್ಧ ಅಲ್ಲ, ಸಂಬಳದ ಶೇ 60 ಹಿಡಿದು ಲೆಕ್ಕ ಹಾಕುತ್ತಾರೆ. ಮೇಲೆ ಆಸ್ಪತ್ರೆ ಖರ್ಚು ಬಿಲ್ ಪ್ರಕಾರ ಬೇರೆ. ಅದನ್ನು ಪಾಲಿಸಿ ತುಂಬಬೇಕಾದರೆ ಪ್ರತ್ಯೇಕವಾಗಿ ಸೇರಿಸಿಕೊಂಡಿರಬೇಕು. ನಿಮ್ಮದರಲ್ಲಿ ಸೇರಿಲ್ಲ.

ನೀವು ಹೇಳಿದ ಉಳಿದ ವಿಷಯಗಳು. ಮುಕದ್ದಮ ಬಾಂಡ್ ಪೇಪರ್ ಮೇಲೆ "ಎಲ್ಲ ಜವಾಬ್ದಾರಿ ನನ್ನದು" ಅಂತ ಸಹಿ ಮಾಡಿದ್ದಾನೆ, ಸರಿ. ಅದು ನಿಮ್ಮಿಬ್ಬರ ನಡುವಿನ ಮಾತು. ಆಳು ಅದಕ್ಕೆ ಒಪ್ಪಿಲ್ಲ, ಮತ್ತೆ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಪ್ರಕಾರ ನಡೆಯುವುದೇ ಇಲ್ಲ, ಆಳೇ ಸಹಿ ಹಾಕಿದ್ದರೂ ಅಷ್ಟೇ. ಮೇಸ್ತ್ರಿ "ಎಲ್ರಿಗೂ ಲೇಬರ್ ಕಾರ್ಡ್ ಇದೆ ಸರ್" ಅನ್ನುತ್ತಾನಲ್ಲ, ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯದು, ಒಳ್ಳೆಯದೇ, ಮನೆಯವರಿಗೆ ಆಸರೆ ಆಗುತ್ತದೆ. ಬ್ಯಾಂಕಿನ 20 ರೂಪಾಯಿಯ ಸುರಕ್ಷಾ ಬಿಮಾದಿಂದಲೂ 2 ಲಕ್ಷ ಬರುತ್ತದೆ. ಆದರೆ ಇವೆರಡೂ ಮಾಲೀಕನ ಹೊಣೆಯನ್ನು ತೀರಿಸುವುದಿಲ್ಲ. ಜನ ಕಡಿಮೆ ಇದ್ದರೆ ಏನೂ ಇಲ್ಲ ಅಂದಿರಿ, ಅದು ಗುತ್ತಿಗೆ ಕಾರ್ಮಿಕರ ನೋಂದಣಿ, ಲೈಸೆನ್ಸಿನ ಮಾತು. ಪರಿಹಾರಕ್ಕೆ ಒಬ್ಬನೇ ಆಳಿದ್ದರೂ ಸಾಕು. ಇನ್ನೊಂದು, ಇಎಸ್‌ಐಗೆ ತಲೆ ಎಣಿಸುವಾಗ ಗುತ್ತಿಗೆಯವರೂ ಲೆಕ್ಕಕ್ಕೆ ಬರುತ್ತಾರೆ, ನಿಮ್ಮ ಎಂಟು ಮತ್ತು ಅವರ ಹದಿನಾಲ್ಕು ಸೇರಿ 22. ಮಿತಿ ಹತ್ತು. ಇದನ್ನು ನಿಮ್ಮ ಲೆಕ್ಕಪತ್ರದವರ ಹತ್ತಿರ ಈ ವಾರವೇ ಕೇಳಿ.

ಶೀಟಿನ ಕೆಲಸದ ವಿಷಯ ಸ್ವಲ್ಪ ಬೇರೆ. ಮಾಡು ರಿಪೇರಿ ನಮ್ಮ ವ್ಯಾಪಾರ ಅಲ್ಲ, ಅಕ್ಕಿ ಮಾಡುವುದು ನಮ್ಮ ವ್ಯಾಪಾರ ಅಂತ ವಕೀಲರು ವಾದಿಸಬಹುದು, ಗೆಲ್ಲಲೂಬಹುದು. ಆದರೆ ಆ ವಾದ ಮಾಡುವುದಕ್ಕೆ ಮೊದಲು ಒಬ್ಬ ಹುಡುಗ ನಿಮ್ಮ ಮಾಡಿನಿಂದ ಬಿದ್ದಿರಬೇಕು. ನಾಲ್ಕು ವರ್ಷದ ಹಿಂದೆ ಬೇರೊಂದು ಮಿಲ್ಲಿನಲ್ಲಿ, ಹೆಸರು ಬೇಡ, ಹಳೇ ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟ ಹುಡುಗ ಶೀಟು ಮುರಿದು ನೇರ ಕೆಳಗೆ ಬಂದ. ನಾನು ಹೋದಾಗ ನೆಲದ ಮೇಲೆ ಅವನ ಒಂದೇ ಚಪ್ಪಲಿ ಇತ್ತು, ಮೇಲೆ ಶೀಟಿನಲ್ಲಿ ಆಳಗಲದ ತೂತು, ಅದರಿಂದ ಬಿಸಿಲು ಬೀಳುತ್ತಿತ್ತು. ಮಾಲೀಕರು ಒಳ್ಳೆಯವರು, ಅವತ್ತೇ ಅವನ ತಂದೆಯ ಕೈಗೆ ಎರಡು ಲಕ್ಷ ಕೊಟ್ಟು ಬಿಳಿ ಹಾಳೆ ಮೇಲೆ ಸಹಿ ತಗೊಂಡರು. ಸಾವಿನ ಪರಿಹಾರವನ್ನು ಪರಿಹಾರದ ಕೇಸು ನೋಡುವ ಅಧಿಕಾರಿಯ ಹತ್ತಿರವೇ ಠೇವಣಿ ಇಡಬೇಕು, ಕೈಯಲ್ಲಿ ಕೊಟ್ಟದ್ದನ್ನು ಪರಿಹಾರ ಅಂತ ಕಾಯ್ದೆ ಒಪ್ಪುವುದಿಲ್ಲ. ಆ ವಿಷಯ ಅವರಿಗೆ ಗೊತ್ತಾಗಿದ್ದು ನೋಟಿಸ್ ಬಂದ ಮೇಲೆ. ಆ ತಂದೆ ವರ್ಷಗಟ್ಟಲೆ ಅಲೆದರು, ಅದನ್ನು ನೋಡಿ ನನಗೆ ಈಗಲೂ ಸಂಕಟ ಆಗುತ್ತದೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ, ಸೋಮವಾರದ ಕೆಲಸ ಎರಡು ದಿನ ಮುಂದೆ ಹಾಕಿ. ಮೇಸ್ತ್ರಿಗೆ ಅವನ ಹೆಸರಲ್ಲೇ ಪಾಲಿಸಿ ಮಾಡಿಸಲು ಹೇಳಿ. ಆಗದಿದ್ದರೆ ಶೀಟಿನ ನಾಲ್ವರನ್ನೂ ಹದಿನಾಲ್ಕು ಹಮಾಲರನ್ನೂ ನಿಮ್ಮ ಪಾಲಿಸಿಗೇ ಸೇರಿಸೋಣ, ಆಸ್ಪತ್ರೆ ಖರ್ಚಿನ ಸಮೇತ. ಜಾಸ್ತಿ ಪ್ರೀಮಿಯಂ ಬರುತ್ತದೆ, ನಿಜ. ಅದನ್ನು ಉಳಿಸಲು ಕೂಲಿ ಕಡಿಮೆ ತೋರಿಸಬೇಡಿ, ಕಡಿಮೆ ತೋರಿಸಿದಷ್ಟೂ ಕ್ಲೇಮಿನಲ್ಲಿ ಕಡಿತ ಆಗುತ್ತದೆ. ಶೀಟಿನ ಮೇಲೆ ಹಲಗೆ ಹಾಸದೆ, ಸೊಂಟಕ್ಕೆ ಬೆಲ್ಟ್ ಕಟ್ಟದೆ ಯಾರನ್ನೂ ಹತ್ತಿಸಬೇಡಿ.

ನಾಳೆ ಸಂಜೆಯೊಳಗೆ ಎಲ್ಲರ ಹೆಸರು, ವಯಸ್ಸು, ತಿಂಗಳ ಕೂಲಿ ಒಂದು ಹಾಳೆಯಲ್ಲಿ ಬರೆದು ಫೋಟೋ ಕಳಿಸಿ. ಶುಕ್ರವಾರ ಬೆಳಿಗ್ಗೆ ಫಾರ್ಮ್ ತಗೊಂಡು ನಾನೇ ಮಿಲ್ಲಿಗೆ ಬರುತ್ತೇನೆ, ಮುಕದ್ದಮನಿಗೂ ಇರಲು ಹೇಳಿ.

ನಿಮ್ಮ
ಮಂಜುನಾಥ